ವಾರದ ಟೆಸ್ಟ್‌ನಲ್ಲಿ ಮುಂದೆ, ಗ್ರ್ಯಾಂಡ್ ಟೆಸ್ಟ್‌ನಲ್ಲಿ ಹಿಂದೆ

ಇಡೀ ಪಠ್ಯದ ಮೇಲಿನ ಮೊದಲ ಗ್ರ್ಯಾಂಡ್ ಟೆಸ್ಟ್ ಮುಗಿದು ಅಂಕಗಳು ಮನೆಗೆ ತಲುಪಿದ ಮೇಲೆ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಪ್ರತಿ ವರ್ಷವೂ ಒಂದೇ ಬಗೆಯ ದೂರು ಬರುತ್ತದೆ. ಮಗುವಿಗೆ ನೆನಪಿನ ಶಕ್ತಿ ಸಾಲದು ಎಂದು ತಂದೆ ತಾಯಿ ಮನೆಯಲ್ಲೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ. ಮಗುವೂ ಅದನ್ನು ನಂಬಿರುತ್ತದೆ. ಇಲ್ಲಿ ಬರೆಯುತ್ತಿರುವುದು ಅಂಥ ಒಬ್ಬ ಹುಡುಗಿಯ ವಿಷಯ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಪಿಯುಸಿ ಮುಗಿಸಿ, ನೀಟ್ ಪರೀಕ್ಷೆಯನ್ನು ಎರಡನೆಯ ಬಾರಿ ಬರೆಯಲು ಹಾಸ್ಟೆಲ್‌ನಲ್ಲಿದ್ದು ತರಬೇತಿ ಪಡೆಯುತ್ತಿದ್ದಳು. ವಾರದ ಟೆಸ್ಟ್‌ಗಳಲ್ಲಿ ತರಗತಿಯ ಮೊದಲ ಹತ್ತು ಮಂದಿಯಲ್ಲಿ ಒಬ್ಬಳು. ಗ್ರ್ಯಾಂಡ್ ಟೆಸ್ಟ್‌ನಲ್ಲಿ ಮಾತ್ರ, ತನ್ನ ಗಟ್ಟಿ ವಿಷಯವೆಂದುಕೊಂಡಿದ್ದ ಜೀವಶಾಸ್ತ್ರದಲ್ಲೇ 360ಕ್ಕೆ 190ರ ಆಸುಪಾಸು ಬಂದಿತ್ತು. ಅಪ್ಪ ಬ್ರಾಹ್ಮಿ ಲೇಹ್ಯ ತಂದುಕೊಟ್ಟಿದ್ದರು. ಅವಳು ಊಟ ಅರ್ಧಕ್ಕೆ ಬಿಡುತ್ತಿದ್ದಳು, ತಡರಾತ್ರಿವರೆಗೆ ಓದುತ್ತಿದ್ದಳು. ಖಿನ್ನತೆಯ ಲಕ್ಷಣಗಳಿವೆಯೇ, ಬದುಕು ಬೇಡವೆಂಬ ಯೋಚನೆ ಬರುತ್ತಿದೆಯೇ ಎಂದು ಮೊದಲು ನೇರವಾಗಿಯೇ ಕೇಳಿದೆ. ಅದಿಲ್ಲ ಎಂದು ಖಚಿತವಾದ ಮೇಲಷ್ಟೇ ಓದಿನ ಮಾತಿಗೆ ಬಂದೆ.

ಎರಡನೆಯ ಭೇಟಿಗೆ ಹನ್ನೊಂದನೆಯ ತರಗತಿಯ ಎನ್‌ಸಿಇಆರ್‌ಟಿ ಜೀವಶಾಸ್ತ್ರ ಪುಸ್ತಕವನ್ನು ತರಲು ಹೇಳಿದ್ದೆ. ಮೂರು ಬಣ್ಣದ ಹೈಲೈಟರ್ ಬಳಿದು ಬಳಿದು, ಬಣ್ಣ ತಾಗದ ಸಾಲುಗಳೇ ಎದ್ದು ಕಾಣುವಂತಾಗಿತ್ತು.

“ಇದನ್ನು ಏಳು ಸಲ ಓದಿದ್ದೇನೆ ಮೇಡಂ.”

ಯಾವ ಅಧ್ಯಾಯ ಚೆನ್ನಾಗಿ ಬರುತ್ತದೆ ಎಂದು ಕೇಳಿದೆ. ಕೋಶವಿಭಜನೆ ಎಂದಳು. ಪುಸ್ತಕ ಮುಚ್ಚಿ, ಒಂದು ಹಾಳೆ ಕೊಟ್ಟು, ಮಿಯಾಸಿಸ್‌ನ ಮೊದಲ ಪ್ರೊಫೇಸ್‌ನಲ್ಲಿ ಯಾವ ಹಂತದಲ್ಲಿ ಏನಾಗುತ್ತದೆ ಬರೆ ಎಂದೆ. ಲೆಪ್ಟೊಟೀನ್, ಜೈಗೊಟೀನ್, ಪ್ಯಾಕಿಟೀನ್, ಡಿಪ್ಲೊಟೀನ್, ಡಯಾಕಿನೆಸಿಸ್ ಎಂಬ ಐದು ಹೆಸರುಗಳು ಸರಸರನೆ ಬಂದವು. ಅಲ್ಲಿಗೆ ಪೆನ್ನು ನಿಂತಿತು. ಬಹಳ ಹೊತ್ತಿನ ಮೇಲೆ ಕ್ರಾಸಿಂಗ್ ಓವರ್ ಎಂಬುದನ್ನು ಡಿಪ್ಲೊಟೀನ್‌ನ ಎದುರು ಬರೆದಳು, ಹೊಡೆದು ಹಾಕಿದಳು, ಮತ್ತೆ ಅಲ್ಲೇ ಬರೆದಳು. ಜೈಗೊಟೀನ್‌ನ ಎದುರು ಏನೂ ಇರಲಿಲ್ಲ.

“ಪುಟ ಕಣ್ಣ ಮುಂದೆಯೇ ಇದೆ ಮೇಡಂ. ಚಿತ್ರ ಎಲ್ಲಿದೆ ಎಂದೂ ಗೊತ್ತು. ಒಳಗಿನ ಅಕ್ಷರ ಮಾತ್ರ ಕಾಣುತ್ತಿಲ್ಲ.”

ಪುಸ್ತಕ ತೆರೆಯಲು ಬಿಟ್ಟೆ. ನೋಡಿದ ಕೂಡಲೇ, “ಅಯ್ಯೋ, ಇದು ಗೊತ್ತಿತ್ತು!” ಎಂದಳು. ವರ್ಣತಂತುಗಳು ಜೋಡಿಯಾಗುವುದು ಜೈಗೊಟೀನ್‌ನಲ್ಲಿ, ಅವುಗಳ ತುಣುಕುಗಳ ವಿನಿಮಯ ಎಂದರೆ ಕ್ರಾಸಿಂಗ್ ಓವರ್ ಆಗುವುದು ಪ್ಯಾಕಿಟೀನ್‌ನಲ್ಲಿ, ಆ ವಿನಿಮಯದ ಗುರುತಾದ ಕಯಾಸ್ಮಾ ಕಣ್ಣಿಗೆ ಬೀಳುವುದು ಡಿಪ್ಲೊಟೀನ್‌ನಲ್ಲಿ. ಕಯಾಸ್ಮಾ ಅಲ್ಲಿ ಕಾಣುತ್ತದೆ ಎಂಬ ಕಾರಣಕ್ಕೆ ವಿನಿಮಯವೂ ಅಲ್ಲೇ ಆಯಿತು ಎಂದು ಅವಳು ಬೆರೆಸಿಕೊಂಡಿದ್ದಳು. ಏಳು ಸಲ ಓದಿದರೂ ಈ ತಪ್ಪು ಉಳಿದದ್ದು ಏಕೆಂದರೆ, ಓದುವಾಗ ಅದು ಹೊರಬೀಳಲು ಅವಕಾಶವೇ ಇರಲಿಲ್ಲ. ಸರಿಯಾದ ವಾಕ್ಯ ಎದುರಿಗೇ ಇದ್ದಾಗ ಓದುವವರು ತಲೆದೂಗುತ್ತಾರೆ. ಆ ತಲೆದೂಗುವಿಕೆಯನ್ನೇ ಅವಳು ನೆನಪು ಎಂದು ಎಣಿಸುತ್ತಿದ್ದಳು.

ಅವತ್ತು ಅವಳಿಗೆ ನಾನು ವಿವರಿಸಿದ್ದು ಒಂದೇ ಪ್ರಯೋಗ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಗದ್ಯವನ್ನು ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಓದಿದವರೇ ಗೆದ್ದರು: ಅವರು ಶೇಕಡಾ 83, ಬರೆದವರು ಶೇಕಡಾ 71. ಒಂದು ವಾರದ ನಂತರ ಲೆಕ್ಕ ಮಗುಚಿತ್ತು. ಓದಿದವರಲ್ಲಿ ಉಳಿದದ್ದು ಶೇಕಡಾ 40, ಬರೆದವರಲ್ಲಿ ಶೇಕಡಾ 61. ಒಂದು ವಾರದ ಮೇಲೆ ಎಷ್ಟು ನೆನಪಿರುತ್ತದೆ ಎಂದು ಮೊದಲೇ ಕೇಳಿದಾಗ ಹೆಚ್ಚು ಭರವಸೆಯಿಂದ ಉತ್ತರಿಸಿದವರು ಮಾತ್ರ ನಾಲ್ಕು ಸಲ ಓದಿದವರೇ.

ಹುಡುಗಿ ಆ ಅಂಕಿಗಳನ್ನು ಸ್ವಲ್ಪ ಹೊತ್ತು ನೋಡುತ್ತಾ ಕುಳಿತು, “ಹಾಗಾದರೆ ವಾರದ ಟೆಸ್ಟ್ ಎಂದರೆ ಆ ಐದು ನಿಮಿಷದ ಪರೀಕ್ಷೆ” ಎಂದಳು.

ಈ ಪ್ರಕರಣದ ತಿರುವು ಆ ಮಾತೇ. ಶನಿವಾರದವರೆಗೆ ಕಲಿಸಿದ್ದನ್ನು ಶನಿವಾರ ರಾತ್ರಿ ಓದಿ ಭಾನುವಾರ ಬೆಳಿಗ್ಗೆ ಬರೆದರೆ ಅಂಕ ಬಂದೇ ಬರುತ್ತದೆ. ಹಾಗೆ ಬಂದ ಅಂಕ, ಕಲಿತ ಕ್ರಮ ಸರಿಯಿದೆ ಎಂಬ ಸುಳ್ಳು ಸಾಕ್ಷಿಯಾಗುತ್ತದೆ. ತಿಂಗಳುಗಳ ಹಿಂದಿನ ಅಧ್ಯಾಯವನ್ನೂ ಕೇಳುವ ಗ್ರ್ಯಾಂಡ್ ಟೆಸ್ಟ್ ಬಂದಾಗ ಅದೇ ಹುಡುಗಿ ದಡ್ಡಿಯಂತೆ ಕಾಣುತ್ತಾಳೆ. ಎರಡು ಅಂಕಪಟ್ಟಿಗಳ ನಡುವೆ ಇಷ್ಟು ಅಂತರವಿದ್ದರೆ ನಾನು ಸಂಶಯಿಸುವುದು ಮಗುವಿನ ಮಿದುಳನ್ನಲ್ಲ, ರಿವಿಷನ್ ವಿಧಾನವನ್ನು.

ತರಬೇತಿ ಕೇಂದ್ರದ ಗೋಡೆಯ ಮೇಲೆ ಮರೆವಿನ ರೇಖೆಯ ಚಿತ್ರವೂ ಇತ್ತಂತೆ: ಒಂದೇ ದಿನದಲ್ಲಿ ಓದಿದ್ದರಲ್ಲಿ ಮುಕ್ಕಾಲು ಪಾಲು ಹೋಗುತ್ತದೆ ಎಂಬ ಬರಹದೊಂದಿಗೆ. ಅದನ್ನು ನೋಡಿದಾಗಲೆಲ್ಲ ಅವಳಿಗೆ ಭಯವಾಗುತ್ತಿತ್ತು. ಈ ಚಿತ್ರದ ಮೇಲೆ ನನಗೆ ಹಳೆಯ ಸಿಟ್ಟಿದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲಿ ಪ್ರಕಟಿಸಿದ ಆ ಫಲಿತಾಂಶ ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳದ್ದು, ಮತ್ತು ಪ್ರಯೋಗಕ್ಕೆ ಒಳಗಾದವರು ಅವರೊಬ್ಬರೇ. ಎಷ್ಟು ನೆನಪಿದೆ ಎಂದು ಅವರು ಅಳೆಯಲಿಲ್ಲ. ಮರೆತ ಪಟ್ಟಿಯನ್ನು ಮತ್ತೆ ಕಲಿಯುವಾಗ ಮೊದಲ ಸಲಕ್ಕಿಂತ ಎಷ್ಟು ಶ್ರಮ ಉಳಿತಾಯವಾಯಿತು ಎಂದು ಅಳೆದರು. ಒಂದು ದಿನದ ನಂತರ ಸುಮಾರು ಮೂರನೆಯ ಒಂದು ಪಾಲು ಶ್ರಮ ಉಳಿತಾಯವಾಗುತ್ತಿತ್ತು, ತಿಂಗಳು ಕಳೆದರೂ ಐದನೆಯ ಒಂದು ಪಾಲಿನಷ್ಟು. ರೇಖೆ ಮೊದಲು ಕಡಿದಾಗಿ ಇಳಿದು ಆಮೇಲೆ ನಿಧಾನವಾಗುತ್ತದೆ ಎಂಬುದು ನಿಜ. ಆದರೆ ಅರ್ಥವಿರುವ ಪಾಠ ಅಷ್ಟು ಬೇಗ ಅಳಿಯುವುದಿಲ್ಲ, ಪೂರ್ತಿ ಮರೆತಂತೆ ಕಂಡದ್ದೂ ಎರಡನೆಯ ಸಲ ಬೇಗ ಹತ್ತುತ್ತದೆ. ಹೆದರಿಸಲು ಅಂಟಿಸಿದ ಚಿತ್ರದಲ್ಲೇ ಈ ಸಮಾಧಾನವೂ ಇದೆ.

ಪರೀಕ್ಷೆಗೆ ಆಗ ಇಪ್ಪತ್ತು ವಾರಗಳಿದ್ದವು. ಎರಡೂ ವರ್ಷಗಳ ಪುಸ್ತಕ ಸೇರಿ ಜೀವಶಾಸ್ತ್ರದಲ್ಲಿ 32 ಅಧ್ಯಾಯಗಳು. ವಾರಕ್ಕೆ ಮೂರು ಅಧ್ಯಾಯ ಹಿಡಿದರೆ ಹನ್ನೊಂದು ವಾರದಲ್ಲಿ ಒಂದು ಸುತ್ತು ಮುಗಿಯುತ್ತದೆ. ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದುವಾಗಲೇ ನೋಟ್‌ಬುಕ್ಕಿನ ಎಡಬದಿಗೆ ಪ್ರಶ್ನೆಗಳು, ಬಲಬದಿಗೆ ಚುಟುಕು ಉತ್ತರಗಳು. ಹೈಲೈಟರ್ ಬೇಡ. ಮರುದಿನ ಬಲಬದಿಯನ್ನು ಮಡಚಿ, ಬೇರೆ ಹಾಳೆಯ ಮೇಲೆ ಉತ್ತರ ಬರೆದ ಮೇಲೆಯೇ ಮಡಿಕೆ ಬಿಚ್ಚಬೇಕು. ಅಲ್ಲಿಂದ ನಾಲ್ಕು ದಿನ ಬಿಟ್ಟು ಎರಡನೆಯ ಸಲ, ಮತ್ತೆ ಎರಡು ವಾರ ಬಿಟ್ಟು ಮೂರನೆಯ ಸಲ, ಆರು ವಾರ ಬಿಟ್ಟು ನಾಲ್ಕನೆಯ ಸಲ. ತಪ್ಪಿದ ಪ್ರಶ್ನೆಗೆ ಚುಕ್ಕಿ ಇಟ್ಟು, ಅದಷ್ಟನ್ನೇ ಮರುದಿನದ ಸರದಿಗೆ ಸೇರಿಸಬೇಕು. ಇಡೀ ಅಧ್ಯಾಯವನ್ನು ಮತ್ತೆ ಓದಬಾರದು. ಕೆಲಸ ತುಂಬ ಸೇರಿದ ವಾರದಲ್ಲೂ ಇಂಥ ಹನ್ನೆರಡು ಸರದಿಗಳು, ಒಂದೊಂದಕ್ಕೆ ಸುಮಾರು ಅರ್ಧ ಗಂಟೆ. ವಾರಕ್ಕೆ ಆರು ಗಂಟೆ ಹೆಚ್ಚೇನಲ್ಲ.

ಈ ಅಂತರಗಳೇನೂ ಶಾಸನವಲ್ಲ. ನಿಕೋಲಸ್ ಸೆಪೆಡಾ ಮತ್ತು ಜೊತೆಗಾರರು 2008ರಲ್ಲಿ ತೋರಿಸಿದಂತೆ, ಎರಡು ಓದುಗಳ ನಡುವೆ ಎಷ್ಟು ಬಿಡುವು ಒಳ್ಳೆಯದು ಎಂಬುದು ಪರೀಕ್ಷೆ ಎಷ್ಟು ದೂರವಿದೆ ಎಂಬುದರ ಮೇಲೆ ನಿಂತಿದೆ. ವಾರದಲ್ಲಿ ಪರೀಕ್ಷೆಯಿದ್ದರೆ ಒಂದೆರಡು ದಿನದ ಬಿಡುವು ಸಾಕು. ವರ್ಷ ದೂರವಿದ್ದರೆ ಮೂರ್ನಾಲ್ಕು ವಾರ ಬೇಕಾಗುತ್ತದೆ. ಆದ್ದರಿಂದ ಯಾರೋ ಹಂಚಿಕೊಂಡ ವೇಳಾಪಟ್ಟಿಯ ಅಂಕಿಗಳಿಗೆ ಕಟ್ಟುಬಿದ್ದು ಒಂದು ದಿನ ತಪ್ಪಿತೆಂದು ಅಳುವವರಿಗೆ ನಾನು ಹೇಳುವುದಿಷ್ಟು: ಒಂದು ದಿನ ಆಚೀಚೆಯಾದರೆ ಏನೂ ಆಗುವುದಿಲ್ಲ.

ಕೆಡುವುದು ಬೇರೆ ಕಡೆ. ಮೊದಲ ವಾರಗಳಲ್ಲಿ ಅವಳ ವಾರದ ಟೆಸ್ಟ್ ಅಂಕ ಇಳಿಯಿತು. ಶನಿವಾರ ರಾತ್ರಿಯ ಹೊತ್ತು ಹಳೆಯ ಅಧ್ಯಾಯಗಳಿಗೆ ಹೋಗುತ್ತಿತ್ತಲ್ಲ! ಅಪ್ಪನಿಂದ ಫೋನ್ ಬಂತು: “ಮೇಡಂ, ನೀವು ಹೇಳಿದಂತೆ ಮಾಡಿಯೇ ಕಡಿಮೆಯಾಗಿದೆ.” ಹೌದು, ಕಡಿಮೆಯಾಗುತ್ತದೆ ಎಂದು ಮೊದಲೇ ತಿಳಿಸಿದ್ದೆನಲ್ಲ ಎಂದೆ. ಅದನ್ನು ಮೊದಲೇ ಹೇಳಿರದಿದ್ದರೆ ಮನೆಯವರು ಈ ಹಂತದಲ್ಲೇ ಯೋಜನೆಯನ್ನು ಕೈಬಿಡುತ್ತಾರೆ. ಎರಡನೆಯ ತೊಡಕು ಬಾಕಿ. ಜ್ವರವೆಂದು ಒಂದು ವಾರ ಮಲಗಿ ಎದ್ದಾಗ ಸರದಿಗಳು ಗುಡ್ಡೆಯಾಗಿದ್ದವು. ಹೊಸ ಅಧ್ಯಾಯ ನಿಲ್ಲಿಸಿ, ಚುಕ್ಕಿ ಹೆಚ್ಚಿರುವವನ್ನಷ್ಟೇ ಮುಗಿಸು, ಉಳಿದವನ್ನು ಮುಂದಿನ ಸರದಿಗೆ ಬಿಡು ಎಂದೆ. ಮೂರನೆಯದು ಎಲ್ಲಕ್ಕಿಂತ ನಯವಾದದ್ದು: ಎರಡು ಸೆಕೆಂಡ್ ಯೋಚಿಸಿ ಮಡಿಕೆ ಬಿಚ್ಚಿ, “ಇದು ಗೊತ್ತಿತ್ತು” ಎಂದು ಟಿಕ್ ಹಾಕುವುದು. ಬೇರೆ ಹಾಳೆಯ ಮೇಲೆ ಬರೆಯಲೇಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ. ಬರೆದ ಹಾಳೆಗಳನ್ನು ಪ್ರತಿ ಭೇಟಿಗೂ ತರಿಸಿದೆ. ಸಂಶಯದ ಉತ್ತರಗಳೇ ಇಲ್ಲದ ಹಾಳೆ ಬಂದರೆ ಇಣುಕಿ ನೋಡಿದ್ದಾಳೆ ಎಂದರ್ಥ.

ಇದು ಆಪ್ತಸಲಹೆಯೋ ಟ್ಯೂಷನ್ನೋ ಎಂದು ಇದೇ ವೃತ್ತಿಯವರು ನನ್ನನ್ನು ಕೇಳಿದ್ದಾರೆ. ಆತಂಕಕ್ಕೆ ಉಸಿರಾಟದ ಅಭ್ಯಾಸ, ಧೈರ್ಯದ ಮಾತು, ಮನೆಯವರ ಜೊತೆ ಚರ್ಚೆ ಎಲ್ಲವೂ ಬೇಕು, ಇವಳ ವಿಷಯದಲ್ಲೂ ಅವು ನಡೆದವು. ಆದರೆ ಅವಳ ಆತಂಕ “ನನ್ನ ತಲೆಯಲ್ಲಿ ಏನೂ ನಿಲ್ಲುವುದಿಲ್ಲ” ಎಂಬ ಒಂದು ವಾಕ್ಯದ ಮೇಲೆ ನಿಂತಿತ್ತು, ಮತ್ತು ಆ ವಾಕ್ಯಕ್ಕೆ ಅವಳ ಬಳಿ ಅಂಕಪಟ್ಟಿಯ ಆಧಾರವಿತ್ತು. ನೀನು ಬುದ್ಧಿವಂತೆ ಎಂದು ನಾನು ಎಷ್ಟು ಸಲ ಹೇಳಿದ್ದರೂ ಅದು ಅಂಕಪಟ್ಟಿಯ ಎದುರು ನಿಲ್ಲುತ್ತಿರಲಿಲ್ಲ. ಒಂದು ವಾರದ ಮೇಲೆ ಅದೇ ಪ್ರಶ್ನೆಗೆ, ಪುಸ್ತಕ ತೆರೆಯದೆ, ಐದೂ ಹಂತಗಳನ್ನು ಸರಿಯಾಗಿ ಬರೆದ ಅವಳದೇ ಹಾಳೆ ನಿಂತಿತು. ಆ ವಾರದಲ್ಲಿ ಬರಿದೇ ಓದಿಕೊಂಡು ಬಾ ಎಂದಿದ್ದ ಇನ್ನೊಂದು ಭಾಗ ಅರ್ಧಕ್ಕರ್ಧ ಖಾಲಿ ಇತ್ತು. ಹೋಲಿಕೆಗೆಂದೇ ಹಾಗೆ ಹೇಳಿದ್ದೆ.

ಜೀವಶಾಸ್ತ್ರದ ಗ್ರ್ಯಾಂಡ್ ಟೆಸ್ಟ್ ಅಂಕ ಫೆಬ್ರುವರಿಯಿಂದ ಏರತೊಡಗಿತು. ಭೌತಶಾಸ್ತ್ರದ್ದು ಹಾಗೆಯೇ ಉಳಿಯಿತು. ಸೂತ್ರಗಳನ್ನು ಈ ಕ್ರಮದಲ್ಲಿ ಉಳಿಸಿಕೊಳ್ಳಬಹುದು, ಆದರೆ ಯಾವ ಲೆಕ್ಕಕ್ಕೆ ಯಾವ ಸೂತ್ರ ಎಂಬ ವಿವೇಚನೆ ಪ್ರಶ್ನೋತ್ತರದ ನೋಟ್‌ಬುಕ್ಕಿನಿಂದ ಬರುವುದಿಲ್ಲ. ಅದಕ್ಕೆ ಬೇರೆ ಬೇರೆ ಅಧ್ಯಾಯಗಳ ಲೆಕ್ಕಗಳನ್ನು ಕಲೆಸಿ, ಶೀರ್ಷಿಕೆ ಮರೆಮಾಡಿ ಬಿಡಿಸಬೇಕು. ಆ ಕೆಲಸಕ್ಕೆ ಅವಳ ಭೌತಶಾಸ್ತ್ರದ ಮೇಷ್ಟ್ರ ಬಳಿಗೆ ಕಳುಹಿಸಿದೆ.