ಮಜ್ಜಿಗೆಗೆ ನೀರೆಷ್ಟು, ಉಪ್ಪೆಷ್ಟು, ಒಗ್ಗರಣೆ ಯಾವಾಗ?

ಪ್ರಶ್ನೆ: ಮನೆಯಲ್ಲಿ ಮಜ್ಜಿಗೆ ಮಾಡಿದರೆ ಒಂದು ದಿನ ಬರೀ ನೀರು ಕುಡಿದಂತೆ ಇರುತ್ತೆ, ಇನ್ನೊಂದು ದಿನ ವಿಪರೀತ ಹುಳಿ. ಸ್ವಲ್ಪ ಹೊತ್ತು ಇಟ್ಟರೆ ಮೇಲೆ ನೀರು ನಿಲ್ಲುತ್ತೆ. ಮೊಸರಿಗೆ ನೀರು, ಉಪ್ಪು ಎಷ್ಟು ಹಾಕಬೇಕು? ಮಸಾಲೆ ಮಜ್ಜಿಗೆ ಮಾಡುವಾಗ ಒಗ್ಗರಣೆ ಯಾವಾಗ ಹಾಕಬೇಕು?

ಉತ್ತರ:

ನೀರನ್ನು ಮೊಸರಿನ ಹುಳಿ ನೋಡಿ ಹಾಕಿ. ಉಪ್ಪನ್ನು ಕೊನೆಗೆ ಒಟ್ಟು ಎಷ್ಟು ಮಜ್ಜಿಗೆ ಆಯಿತು ಎಂದು ನೋಡಿ ಹಾಕಿ. ತುಂಬಾ ಜನ ಇದನ್ನು ಅದಲು ಬದಲು ಮಾಡುತ್ತಾರೆ. ನೀರಿಗೆ ಒಂದು ಖಾಯಂ ಅಳತೆ ಇಟ್ಟುಕೊಂಡು, ಉಪ್ಪನ್ನು ಮೊಸರಿಗೇ ಮೊದಲು ಹಾಕಿ ಕಲಸಿಬಿಡುತ್ತಾರೆ. ಮೊಸರು ದಿನಾ ಒಂದೇ ಥರ ಇರುವುದಿಲ್ಲವಲ್ಲ, ಹಾಗಾಗಿ ಮಜ್ಜಿಗೆಯೂ ದಿನಕ್ಕೊಂದು ರುಚಿಯಾಗುತ್ತದೆ.

ಒಂದು ಲೋಟ ಮೊಸರು, ಅಂದರೆ ಸುಮಾರು 200 ಮಿ.ಲೀ. ಇದೆ ಎಂದಿಟ್ಟುಕೊಂಡು ಹೇಳುತ್ತೇನೆ. ಮೊಸರನ್ನು ಅಗಲ ಪಾತ್ರೆಗೆ ಹಾಕಿ, ನೀರು ಸೇರಿಸದೆ ಮೊದಲು ಹಾಗೇ ಕಡೆಯಿರಿ. ಕಡಗೋಲಾದರೂ ಸರಿ, ವಿಸ್ಕ್ ಆದರೂ ಸರಿ, ಏನೂ ಇಲ್ಲದಿದ್ದರೆ ಸೌಟಿನ ಹಿಂಭಾಗದಿಂದ ಪಾತ್ರೆಯ ಗೋಡೆಗೆ ಒತ್ತಿ ತಿಕ್ಕಿದರೂ ಆಗುತ್ತದೆ. ಒಂದೂ ಗಂಟಿಲ್ಲದೆ ನುಣ್ಣಗೆ ಹೊಳೆಯುವ ತನಕ ಬಿಡಬೇಡಿ. ಇಲ್ಲಿ ಒಂದು ನಿಮಿಷ ಉಳಿಸಲು ಹೋದರೆ ಮುಂದೆ ಎಷ್ಟು ಕಡೆದರೂ ಸರಿಹೋಗುವುದಿಲ್ಲ. ನೀರು ಬಿದ್ದ ಮೇಲೆ ಗಂಟುಗಳು ನೀರಿನಲ್ಲಿ ತೇಲಿಕೊಂಡು ಕಡಗೋಲಿನಿಂದ ಜಾರುತ್ತವೆ, ಒಡೆಯುವುದಿಲ್ಲ. ಕುಡಿಯುವಾಗ ಬಾಯಿಗೆ ಸಿಗುವ ಬಿಳಿ ಚೂರುಗಳು ಹೆಚ್ಚಾಗಿ ಇವೇ.

ನುಣ್ಣಗಾದ ಮೇಲೆ ಅರ್ಧ ಲೋಟ ತಣ್ಣೀರು ಹಾಕಿ ಮತ್ತೆ ಕಡೆಯಿರಿ. ಆಮೇಲೆ ಉಳಿದ ನೀರನ್ನು ಎರಡು ಮೂರು ಸಲ ಸುರಿಯಿರಿ. ಮೊಸರು ಆಗತಾನೇ ಹೆಪ್ಪಾಗಿ ಸಿಹಿಯಾಗಿದ್ದರೆ ಒಂದು ಲೋಟಕ್ಕೆ ಎರಡು ಲೋಟ ನೀರು ಸಾಕು, ಅದಕ್ಕಿಂತ ಹೆಚ್ಚಾದರೆ ರುಚಿ ತೆಳುವಾಗುತ್ತದೆ. ಹದವಾಗಿ ಹುಳಿ ಬಂದಿದ್ದರೆ ಮೂರು ಲೋಟ. ಊಟದ ಕೊನೆಗೆ ಅನ್ನಕ್ಕೆ ಕಲಸಿಕೊಳ್ಳುವುದಾದರೆ ಒಂದೂವರೆ ಲೋಟಕ್ಕೇ ನಿಲ್ಲಿಸಿ. ಎರಡು ಲೋಟ ನೀರು ಹಾಕಿದ ಮೇಲೆ ಒಮ್ಮೆ ನಾಲಗೆಗೆ ಹಚ್ಚಿ ನೋಡಿ ಮುಂದೆ ಹೋಗುವುದು ನನ್ನ ಪದ್ಧತಿ. ಉಪ್ಪಿಲ್ಲದ ಮಜ್ಜಿಗೆ ಆಗ ಸ್ವಲ್ಪ ಜಾಸ್ತಿಯೇ ಹುಳಿ ಅನ್ನಿಸಬೇಕು. ಉಪ್ಪು ಬಿದ್ದ ಕೂಡಲೇ ಹುಳಿಯ ಮೊನಚು ಕಡಿಮೆಯಾಗಿ ಸಮಕ್ಕೆ ಬರುತ್ತದೆ. ಉಪ್ಪಿಲ್ಲದಾಗಲೇ ಹಿತವಾಗಿದೆ ಅನ್ನಿಸಿದರೆ, ಉಪ್ಪು ಹಾಕಿದ ಮೇಲೆ ಅದು ಖಂಡಿತ ಸಪ್ಪೆ. ನಿಮಗೆ ನೀರು ಕುಡಿದಂತೆ ಅನ್ನಿಸಿದ ದಿನ ಬಹುಶಃ ಸಿಹಿ ಮೊಸರಿಗೆ ಮೂರು ಲೋಟ ನೀರು ಬಿದ್ದಿರುತ್ತದೆ.

ಇನ್ನು ವಿಪರೀತ ಹುಳಿಯ ಮಾತು. ಮೊಸರು ಹೊರಗೇ ಉಳಿದು ಹುಳಿಯೇರಿದಾಗ ಐದಾರು ಲೋಟ ನೀರು ಸುರಿದರೆ ಹುಳಿ ಕಡಿಮೆಯಾಗುವುದೇನೋ ನಿಜ, ಆದರೆ ಮಜ್ಜಿಗೆಯ ಮೈಯೇ ಹೋಗಿಬಿಡುತ್ತದೆ. ಸಕ್ಕರೆ ಹಾಕಿದರೆ ಅದು ಬೇರೆಯೇ ಪಾನೀಯ. ಇದಕ್ಕಿಂತ ಒಳ್ಳೆಯ ದಾರಿ ಇದೆ. ಹುಳಿ ಮೊಸರನ್ನು ಮೂರು ಲೋಟ ನೀರಿನೊಂದಿಗೆ ಕಡೆದು, ಉಪ್ಪು ಹಾಕದೆ, ಫ್ರಿಜ್‌ನಲ್ಲಿ ಅಲುಗಾಡಿಸದೆ ಒಂದೆರಡು ಗಂಟೆ ಬಿಡಿ. ಬಿಳಿ ಭಾಗ ಕೆಳಗೆ ಇಳಿದು ಮೇಲೆ ತಿಳಿ ನಿಲ್ಲುತ್ತದೆ. ಮೊಸರಿನ ಹುಳಿಗೆ ಕಾರಣವಾದ ಲ್ಯಾಕ್ಟಿಕ್ ಆಮ್ಲ ಕರಗಿರುವುದು ನೀರಿನಲ್ಲಿ. ಹಾಗಾಗಿ ನಾಲ್ಕು ಲೋಟದಲ್ಲಿ ಒಂದು ಲೋಟ ತಿಳಿ ನೀರನ್ನು ಮೆಲ್ಲಗೆ ಬಗ್ಗಿಸಿ ತೆಗೆದರೆ, ಹುಳಿಯಲ್ಲಿ ಸುಮಾರು ಕಾಲು ಭಾಗ ಅದರ ಜೊತೆಗೇ ಹೋಗುತ್ತದೆ. ಬಿಳಿ ಭಾಗವೆಲ್ಲ ಕೆಳಗೇ ಉಳಿದಿರುತ್ತದೆ. ತೆಗೆದಷ್ಟೇ ಹೊಸ ನೀರು ಹಾಕಿ ಕಡೆದರೆ ಮಜ್ಜಿಗೆ ಮೊದಲಿನಷ್ಟೇ ಮಂದ, ಹುಳಿ ಮಾತ್ರ ಕಡಿಮೆ. ಇನ್ನೂ ಹುಳಿ ಇದ್ದರೆ ಮತ್ತೊಮ್ಮೆ ಹೀಗೇ ಮಾಡಬಹುದು. ತೆಗೆದ ತಿಳಿಯನ್ನು ಚೆಲ್ಲಬೇಡಿ, ರೊಟ್ಟಿ ಚಪಾತಿ ಹಿಟ್ಟು ಕಲಸಲು ಚೆನ್ನಾಗಿರುತ್ತದೆ.

ಆದರೆ ಹುಳಿ ಬೇರೆ, ಕಹಿ ಬೇರೆ. ಮೊಸರು ಹಳತಾಗಿ ನಾಲಗೆಯ ಹಿಂಬದಿಯಲ್ಲಿ ಕಹಿ ಉಳಿಯುತ್ತಿದ್ದರೆ ತಿಳಿ ತೆಗೆದರೂ, ಮಸಾಲೆ ಸುರಿದರೂ ಅದು ಹೋಗುವುದಿಲ್ಲ. ಅಂಥ ಮೊಸರನ್ನು ಮಜ್ಜಿಗೆಗೆ ಬಳಸಬೇಡಿ.

ಮೇಲೆ ನೀರು ನಿಲ್ಲುತ್ತದೆ ಎಂದಿರಿ. ಅದು ಕೆಟ್ಟಿದ್ದಲ್ಲ. ಗಟ್ಟಿ ಮೊಸರಿನಲ್ಲಿ ಹಾಲಿನ ಪ್ರೋಟೀನು ಬಲೆಯ ಹಾಗೆ ಹೆಣೆದುಕೊಂಡು ನೀರನ್ನು ಹಿಡಿದಿರುತ್ತದೆ. ಕಡೆದು ನೀರು ಸೇರಿಸಿದಾಗ ಆ ಹೆಣಿಗೆ ಹರಿದು ಸಣ್ಣ ಸಣ್ಣ ಕಣಗಳಾಗುತ್ತದೆ, ಅವು ನೀರಿಗಿಂತ ಭಾರವಾದ್ದರಿಂದ ನಿಧಾನಕ್ಕೆ ತಳಕ್ಕೆ ಇಳಿಯುತ್ತವೆ. ನೀರು ಹೆಚ್ಚಾದಷ್ಟೂ ಬೇಗ ಇಳಿಯುತ್ತವೆ. ಬಡಿಸುವ ಮುಂಚೆ ತಳದಿಂದ ಒಮ್ಮೆ ಕದಡಿದರೆ ಸಾಕು.

ಉಪ್ಪಿಗೆ ಬರೋಣ. ಒಂದು ಲೀಟರ್ ಮಜ್ಜಿಗೆಗೆ 5 ಗ್ರಾಂ ಪುಡಿಯುಪ್ಪು, ಅಂದರೆ ಒಂದು ಟೀಚಮಚಕ್ಕಿಂತ ತುಸು ಕಡಿಮೆ, ನನ್ನ ನಾಲಗೆಗೆ ಸರಿ. ನಮ್ಮ ಲೆಕ್ಕದ ಒಂದು ಲೋಟ ಮೊಸರು, ಮೂರು ಲೋಟ ನೀರು ಸೇರಿ 800 ಮಿ.ಲೀ. ಆಗುತ್ತದೆ. ಅದಕ್ಕೆ ಮುಕ್ಕಾಲು ಟೀಚಮಚ ಗರಿಷ್ಠ. ಮೊದಲು ಅರ್ಧ ಹಾಕಿ, ಪೂರ್ತಿ ಕರಗಿದ ಮೇಲೆ ರುಚಿ ನೋಡಿ, ಆಮೇಲೆ ಬೇಕಿದ್ದರೆ ಉಳಿದದ್ದು. ಕಲ್ಲುಪ್ಪು ಹಾಕುವವರು ಚಮಚದ ಅಳತೆ ನಂಬಬೇಡಿ, ಹರಳು ದಪ್ಪಗಿದ್ದರೆ ಚಮಚದಲ್ಲಿ ಹಿಡಿಯುವ ತೂಕವೇ ಬೇರೆ. ಸ್ವಲ್ಪ ನೀರಿನಲ್ಲಿ ಕರಗಿಸಿಕೊಂಡು ಬೆರೆಸುವುದು ವಾಸಿ. ಫ್ರಿಜ್‌ನಲ್ಲಿಟ್ಟು ಕುಡಿಯುವ ಮಜ್ಜಿಗೆಯಾದರೆ ಕೊನೆಯ ರುಚಿಯನ್ನು ತಣ್ಣಗಾದ ಮೇಲೇ ನೋಡಿ. ಐಸ್ ಹಾಕುತ್ತೀರಾದರೆ ಅದು ಕರಗಿ ಸೇರುವ ನೀರನ್ನೂ ಲೆಕ್ಕಕ್ಕೆ ಹಿಡಿದು, ಅಷ್ಟು ನೀರು ಮೊದಲೇ ಕಡಿಮೆ ಹಾಕಿ.

ಮಸಾಲೆಯನ್ನು ಎರಡು ರೀತಿ ಕೊಡಬಹುದು, ಕುಟ್ಟಿ ಅಥವಾ ಒಗ್ಗರಣೆ ಹಾಕಿ. ಬರೀ ಕುಡಿಯುವುದಕ್ಕಾದರೆ ನನಗೆ ಕುಟ್ಟಿದ್ದೇ ಇಷ್ಟ, ಎಣ್ಣೆಯ ಜಿಡ್ಡು ಇರುವುದಿಲ್ಲ. ಈ 800 ಮಿ.ಲೀ.ಗೆ ಒಂದು ಹಸಿಮೆಣಸಿನಕಾಯಿ, ಅರ್ಧ ಇಂಚು ಶುಂಠಿ, ಏಳೆಂಟು ಕರಿಬೇವಿನೆಲೆ, ಒಂದು ಚಿಟಿಕೆ ಇಂಗು, ಮತ್ತು ಹಾಕಬೇಕಾದ ಉಪ್ಪಿನಲ್ಲೇ ಸ್ವಲ್ಪ ತೆಗೆದುಕೊಂಡು ಕುಟ್ಟಾಣಿಯಲ್ಲಿ ಜಜ್ಜಿ. ಉಪ್ಪಿನ ಹರಳು ಸೊಪ್ಪನ್ನು ಬೇಗ ಅರೆಯುತ್ತದೆ, ರಸವನ್ನೂ ಎಳೆಯುತ್ತದೆ. ನುಣ್ಣನೆ ಪೇಸ್ಟ್ ಬೇಡ, ತರಿತರಿ ಇದ್ದರೆ ಸಾಕು. ಇದನ್ನು ಮಜ್ಜಿಗೆಗೆ ಕದಡಿ ಹತ್ತು ನಿಮಿಷ ಬಿಟ್ಟು ಸೋಸಿಬಿಡಿ. ಸೋಸುವುದನ್ನು ಕೈಬಿಡಬೇಡಿ. ಮೆಣಸಿನಕಾಯಿಯ ಚೂರು ಒಳಗೇ ಉಳಿದರೆ ಖಾರ ಗಂಟೆಗಂಟೆಗೂ ಏರುತ್ತದೆ, ಮೊದಲ ಲೋಟ ಕುಡಿದವರಿಗೆ ಹಿತವಾದ ಮಜ್ಜಿಗೆ ಕೊನೆಯ ಲೋಟದವರಿಗೆ ಗಂಟಲು ಉರಿಸುತ್ತದೆ. ಸೋಸಿದ ಮೇಲೆ ಅರ್ಧ ಟೀಚಮಚ ಹುರಿದ ಜೀರಿಗೆ ಪುಡಿ ಮತ್ತು ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು ಸೇರಿಸಿ. ಜೀರಿಗೆಯನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ, ಬಣ್ಣ ಒಂದು ಛಾಯೆ ಗಾಢವಾಗಿ ಘಮ ಬರುವವರೆಗೆ ಹುರಿದು, ತಕ್ಷಣ ಬೇರೆ ತಟ್ಟೆಗೆ ಹಾಕಿ. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಉರಿ ಆರಿಸಿದ ಮೇಲೂ ಕರಕಾಗುತ್ತದೆ, ಆ ಕಹಿ ಮಜ್ಜಿಗೆಗೆ ಇಳಿಯುತ್ತದೆ. ಉತ್ತರದ ಛಾಸ್ ರುಚಿ ಬೇಕಿದ್ದರೆ ಉಪ್ಪಿನಲ್ಲಿ ಮೂರನೆಯ ಒಂದು ಭಾಗವನ್ನು ಕಾಳಾ ನಮಕ್‌ಗೆ ಬದಲಿಸಿ, ಮೇಲಿಂದ ಹೆಚ್ಚುವರಿಯಾಗಿ ಸುರಿಯಬೇಡಿ. ಅದರ ವಾಸನೆಗೆ ಬೇರೆಲ್ಲವನ್ನೂ ಮುಚ್ಚಿಬಿಡುವ ಶಕ್ತಿಯಿದೆ.

ಒಗ್ಗರಣೆ ಹಾಕುವುದಾದರೆ ಎಲ್ಲ ಮುಗಿದು ಉಪ್ಪೂ ಸರಿಯಾದ ಮೇಲೆ, ಬಡಿಸಲು ಹತ್ತು ಹದಿನೈದು ನಿಮಿಷ ಮೊದಲು. ಒಂದು ಟೀಚಮಚ ಎಣ್ಣೆಗಿಂತ ಹೆಚ್ಚು ಬೇಡ. ಸಾಸಿವೆ ಚಟಪಟ ನಿಂತ ಮೇಲೆ ಜೀರಿಗೆ ಹಾಕಿ, ಉರಿ ಆರಿಸಿ, ಆಮೇಲೆ ಇಂಗು, ಕರಿಬೇವು. ಇಂಗನ್ನು ಕೊನೆಗೆ ಹಾಕಲು ಕಾರಣ, ಅದು ಕ್ಷಣದಲ್ಲಿ ಸೀಯುತ್ತದೆ. ಸದ್ದು ಅಡಗಿದ ಮೇಲೆ ಮಜ್ಜಿಗೆಗೆ ಸುರಿದು ಕದಡಿ. ಒಂದು ಚಮಚ ಎಣ್ಣೆಯ ಬಿಸಿಗೆ ಅಷ್ಟು ತಣ್ಣನೆಯ ಮಜ್ಜಿಗೆ ಒಡೆಯುವುದಿಲ್ಲ, ಭಯ ಬೇಡ. ಮಜ್ಜಿಗೆ ಒಡೆಯುವುದು ಒಗ್ಗರಣೆ ಸೌಟನ್ನು ಚೊಕ್ಕ ಮಾಡಲೆಂದು ಬಿಸಿ ಸೌಟಿಗೇ ಮಜ್ಜಿಗೆ ಸುರಿದಾಗ. ಅಲ್ಲಿ ಸ್ವಲ್ಪವೇ ಮಜ್ಜಿಗೆಗೆ ಜೋರು ಶಾಖ ತಗಲಿ ಪ್ರೋಟೀನು ಗಟ್ಟಿಯಾಗಿ, ತರಿತರಿಯಾಗುತ್ತದೆ. ಸೌಟು ಪೂರ್ತಿ ಆರಲಿ. ಇನ್ನೊಂದು ವಿಷಯ, ತಣ್ಣಗೆ ಕುಡಿಯುವ ಮಜ್ಜಿಗೆಗೆ ತುಪ್ಪದ ಒಗ್ಗರಣೆ ಹೊಂದುವುದಿಲ್ಲ. ತುಪ್ಪ ಹೆಪ್ಪುಗಟ್ಟಿ ಬಿಳಿ ಚುಕ್ಕೆಗಳಾಗಿ ತೇಲುತ್ತದೆ, ತುಟಿಗೆ ಅಂಟುತ್ತದೆ. ಬೆಚ್ಚಗಿನ ಅನ್ನಕ್ಕೆ ಹಾಕಿಕೊಳ್ಳುವ ಮಜ್ಜಿಗೆಗೆ ಮಾತ್ರ ತುಪ್ಪ.

ಮಿಕ್ಸಿ ಬಳಸುವವರು ಎರಡು ಮೂರು ಸಲ ಪಲ್ಸ್ ಕೊಟ್ಟು ನಿಲ್ಲಿಸಿ. ಕೆನೆ ಮೊಸರನ್ನು ಹೆಚ್ಚು ಹೊತ್ತು ಓಡಿಸಿದರೆ ಜಿಡ್ಡಿನ ಕಣಗಳು ಒಂದಕ್ಕೊಂದು ಅಂಟಿ ಬೆಣ್ಣೆ ಬಿಡಲು ಶುರುವಾಗುತ್ತದೆ. ಬೆಣ್ಣೆಯೇ ಬೇಕಿದ್ದರೆ ಅದು ಒಳ್ಳೆಯದೇ. ಕಣ ಕಾಣಿಸಿದ ಕೂಡಲೇ ತಣ್ಣೀರು ಹಾಕಿ ನಿಧಾನಕ್ಕೆ ಕಡೆಯಿರಿ, ಬೆಣ್ಣೆ ಗಟ್ಟಿಯಾಗಿ ಮುದ್ದೆ ಕಟ್ಟುತ್ತದೆ. ಅದನ್ನು ತೆಗೆದ ಮೇಲೆ ಉಳಿಯುವ ಮಜ್ಜಿಗೆ ಬಹಳ ಹಗುರ, ಅದಕ್ಕೆ ನೀರು ಕಡಿಮೆ ಸಾಕು. ಹೋಮೊಜಿನೈಸ್ ಮಾಡಿದ ಹಾಲಿನ ಮೊಸರಾದರೆ ಬೆಣ್ಣೆಗಾಗಿ ಕಾಯಬೇಡಿ. ಆ ಹಾಲಿನ ಜಿಡ್ಡನ್ನು ಮೊದಲೇ ಅತಿ ಸಣ್ಣ ಕಣಗಳಾಗಿ ಒಡೆದಿರುವುದರಿಂದ ಅವು ಸುಲಭವಾಗಿ ಒಟ್ಟುಗೂಡುವುದಿಲ್ಲ.

ನಾಳೆಗೂ ಬೇಕೆಂದರೆ ಬರೀ ಮಜ್ಜಿಗೆಯನ್ನು, ಹಸಿ ಮಸಾಲೆ, ಸೊಪ್ಪು, ಒಗ್ಗರಣೆ ಯಾವುದೂ ಇಲ್ಲದೆ, ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ. ಮರುದಿನ ಹುಳಿ ಒಂದು ಚೂರು ಏರಿರುತ್ತದೆ, ಅದಕ್ಕೆ ಅರ್ಧ ಲೋಟ ನೀರು ಹೆಚ್ಚಿಗೆ ಹಾಕಿ, ಉಪ್ಪನ್ನು ಅದರ ಪ್ರಕಾರ ಸರಿಮಾಡಿ, ಕುಟ್ಟಿದ ಮಸಾಲೆಯನ್ನು ಆಗ ಹಾಕಿ.