800 ಡಾಲರಿನ ಬಿಲ್ಲಿಗೆ 775 ಬಂದರೆ

> "ಬದಿಯಡ್ಕದ ನಮ್ಮ ಶಾಖೆಗೆ ಸ್ವಿಫ್ಟ್ ಕೋಡೇ ಇಲ್ಲವಂತೆ. ಅಮೆರಿಕದ ಕ್ಲೈಂಟಿಗೆ 800 ಡಾಲರಿನ ಇನ್‌ವಾಯ್ಸ್ ಕಳಿಸಿದರೆ ಬಂದದ್ದು 775. ಇನ್‌ವಾಯ್ಸಿನಲ್ಲಿ ಏನೇನು ಬರೆಯಬೇಕು?"

ಸ್ವಿಫ್ಟ್ ಕೋಡ್ ಅಂದರೆ ವಿದೇಶದಿಂದ ಹಣ ಕಳಿಸುವಾಗ ಬ್ಯಾಂಕನ್ನು ಗುರುತಿಸುವ ಸಂಕೇತ; ಸಣ್ಣ ಶಾಖೆಗಳಿಗೆ ಅದು ಇಲ್ಲದಿರುವುದು ಮಾಮೂಲು. ಅದೇ ಬ್ಯಾಂಕಿನ ವಿದೇಶಿ ವಿನಿಮಯ ಶಾಖೆಯ ಕೋಡ್ ಕೇಳಿ ಪಡೆಯಿರಿ, 8 ಅಥವಾ 11 ಅಕ್ಷರ ಇರುತ್ತದೆ. ಅದರ ಜೊತೆ ಪಾಸ್‌ಬುಕ್ಕಿನಲ್ಲಿರುವಂತೆಯೇ ನಿಮ್ಮ ಹೆಸರು, ಪೂರ್ತಿ ಖಾತೆ ಸಂಖ್ಯೆ, ಶಾಖೆಯ ವಿಳಾಸ ಬರೆಯಿರಿ. ಹೆಸರಿನ ಇನಿಶಿಯಲ್ ತಪ್ಪಿದರೂ ಹಣ ನಿಂತುಬಿಡಬಹುದು. ಡಾಲರ್ ಪಡೆಯಲು ನಿಮ್ಮ ಬ್ಯಾಂಕ್ ಅಮೆರಿಕದಲ್ಲಿ ಯಾವ ಬ್ಯಾಂಕಿನಲ್ಲಿ ಖಾತೆ ಇಟ್ಟಿದೆಯೋ ಅದರ ಹೆಸರು, ಸ್ವಿಫ್ಟ್ ಕೋಡನ್ನೂ ಕೇಳಿ 'ಮಧ್ಯವರ್ತಿ ಬ್ಯಾಂಕ್' ಎಂದು ಹಾಕಿ.

ನಿಮ್ಮ 25 ಡಾಲರ್ ಹೋದದ್ದು ಬಹುಶಃ ಇಂಥ ಬ್ಯಾಂಕಿನಲ್ಲೇ. ಕಳಿಸುವಾಗ ಕ್ಲೈಂಟ್ `SHA` ಆರಿಸಿದರೆ ಅವರ ಬ್ಯಾಂಕಿನ ಶುಲ್ಕ ಮಾತ್ರ ಅವರದು, ದಾರಿಯಲ್ಲಿ ಮುರಿದದ್ದೆಲ್ಲ ನಿಮ್ಮದು. `OUR` ಆದರೆ ಶುಲ್ಕ ಅವರ ತಲೆಗೆ. ಆದ್ದರಿಂದ ಮೊತ್ತದ ಕೆಳಗೇ ಈ ಸಾಲು ಸೇರಿಸಿ:

```
Net amount receivable: USD 800.00
All bank charges to sender (OUR)
```

ಇದನ್ನು ಕೆಲಸ ಒಪ್ಪುವಾಗಲೇ ಹೇಳಿ. ಬಿಲ್ಲಿನಲ್ಲಿ ಮೊದಲ ಸಲ ಕಂಡರೆ ಯಾರಿಗಾದರೂ ಕಿರಿಕಿರಿಯೇ.

ಆದರೂ ಕಡಿಮೆ ಬಂದರೆ ಹಣ ಕಳಿಸುವಾಗ ಕ್ಲೈಂಟಿನ ಬ್ಯಾಂಕ್ ರವಾನಿಸಿದ ಸ್ವಿಫ್ಟ್ ಸಂದೇಶದ ಪ್ರತಿಯನ್ನು ಕ್ಲೈಂಟಿನಿಂದ ತರಿಸಿ, ನಿಮ್ಮ ಬ್ಯಾಂಕಿಗೆ ಬಂದ ಸಂದೇಶದ ಪಕ್ಕ ಇಟ್ಟು ನೋಡಿ. ಅದರಲ್ಲಿ 800, ಇದರಲ್ಲಿ 775 ಇದ್ದರೆ ಮುರಿದದ್ದು ನಡುದಾರಿಯಲ್ಲಿ. ಎರಡರಲ್ಲೂ 800 ಇದ್ದು ರೂಪಾಯಿ ಕಡಿಮೆಯಾದರೆ ಪ್ರಶ್ನೆ ಕೇಳಬೇಕಾದ್ದು ನಿಮ್ಮ ಶಾಖೆಯಲ್ಲೇ: ಪರಿವರ್ತನೆ ದರ ಎಷ್ಟು ಹಿಡಿದರು, ಸೇವಾಶುಲ್ಕ ಎಷ್ಟು ಅಂತ.