ಹಾಳೆ ತಟ್ಟೆ ಘಟಕದ ಲಾಭ-ನಷ್ಟ ಪಟ್ಟಿ ಮತ್ತು ನಗದು ಹರಿವಿನ ಪಟ್ಟಿ

ಪ್ರಶ್ನೆ: ಯೋಜನಾ ವರದಿಯಲ್ಲಿ ಲಾಭ-ನಷ್ಟ ಪಟ್ಟಿ ಇದ್ದ ಮೇಲೆ ನಗದು ಹರಿವಿನ ಪಟ್ಟಿ ಬೇರೆ ಯಾಕೆ? ಬ್ಯಾಂಕಿನವರು ಯಾವುದನ್ನು ಹೆಚ್ಚು ನೋಡುತ್ತಾರೆ?

ಬದಿಯಡ್ಕದ ಹತ್ತಿರ ನಾನು ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕ ತೆರೆದಾಗ ನನ್ನ ವರದಿಯಲ್ಲೂ ಎರಡು ಪಟ್ಟಿಗಳಿದ್ದವು, ಆದರೆ ಎರಡನೆಯದನ್ನು ಮೊದಲನೆಯದನ್ನೇ ನೋಡಿ ಬರೆದಿದ್ದೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿ ಹೇಳುತ್ತೇನೆ. ತಿಂಗಳಿಗೆ 40,000 ತಟ್ಟೆ, ತಟ್ಟೆಗೆ 4 ರೂಪಾಯಿಯಂತೆ 1,60,000 ರೂಪಾಯಿಯ ಮಾರಾಟ. ಹಾಳೆಗೆ 48,000, ಕೂಲಿ, ಕರೆಂಟು, ಪ್ಯಾಕಿಂಗ್, ಸಾಗಾಟಕ್ಕೆ 72,000, ಬಡ್ಡಿಗೆ 7,000, ಯಂತ್ರದ ಸವಕಳಿಗೆ 8,000 ಕಳೆದರೆ ಉಳಿಯುವುದು 25,000 ಲಾಭ. ಈ ಲೆಕ್ಕ ಸರಿಯಾಗಿಯೇ ಇತ್ತು, ಈಗಲೂ ಸರಿ.

ಕೊಳ್ಳುವವರು ಎರಡು ತಿಂಗಳ ಬಳಿಕ ಹಣ ಕೊಡುತ್ತಾರೆಂಬುದು ನನಗೆ ಗೊತ್ತಿತ್ತು, ಅದನ್ನು ನಗದಿನ ಪಟ್ಟಿಯಲ್ಲಿ ಸೇರಿಸಿಯೂ ಇದ್ದೆ. ತಪ್ಪಿದ್ದು ಹಾಳೆಯ ಸಾಲಿನಲ್ಲಿ. ವರ್ಷದ ಹಾಳೆಯ ಖರ್ಚನ್ನು ಹನ್ನೆರಡರಿಂದ ಭಾಗಿಸಿ ಪ್ರತಿ ತಿಂಗಳಿಗೂ 48,000 ಎಂದು ಬರೆದಿದ್ದೆ. ಲಾಭ-ನಷ್ಟ ಪಟ್ಟಿಯಲ್ಲಿ ಹಾಗೆ ಬರೆಯುವುದೇ ಕ್ರಮ, ಏಕೆಂದರೆ ಆ ತಿಂಗಳು ಮಾರಿದ ತಟ್ಟೆಗೆ ಹೋದ ಹಾಳೆ ಮಾತ್ರ ಆ ತಿಂಗಳ ಖರ್ಚು, ಉಳಿದದ್ದು ದಾಸ್ತಾನು. ಆದರೆ ನಮ್ಮ ಕಡೆ ಹಾಳೆಯನ್ನು ಹಾಗೆ ತಿಂಗಳು ತಿಂಗಳು ಕೊಳ್ಳಲಾಗುವುದಿಲ್ಲ. ಮಳೆಗಾಲದಲ್ಲಿ ತೋಟದಲ್ಲಿ ಬಿದ್ದ ಹಾಳೆ ನೆನೆದು ಬೂಸಲು ಹಿಡಿಯುತ್ತದೆ, ಒಳಮೈಯಲ್ಲಿ ಕಪ್ಪು ಚುಕ್ಕೆಗಳು ಮೂಡುತ್ತವೆ, ತೊಳೆದು ಬಿಸಿ ಅಚ್ಚಿನಲ್ಲಿ ಒತ್ತಿದರೂ ಆ ಚುಕ್ಕೆಗಳು ತಟ್ಟೆಯ ಮೇಲೆ ಹಾಗೆಯೇ ಉಳಿಯುತ್ತವೆ. ಆದ್ದರಿಂದ ವರ್ಷಕ್ಕೆ ಬೇಕಾದಷ್ಟನ್ನೂ ಜನವರಿಯಿಂದ ಮೇ ತಿಂಗಳೊಳಗೆ ಕೊಂಡು, ಒಣಗಿಸಿ, ಒಳಗಿಡಬೇಕು. ಹಾಳೆ ಹೆಕ್ಕಿ ತರುವವರಿಗೆ ಅಂದಂದೇ ರೊಕ್ಕ ಕೊಡಬೇಕು. ಅಂದರೆ ಆ ಐದು ತಿಂಗಳು ಹಾಳೆಗೆ ಹೋಗುವ ನಗದು ತಿಂಗಳಿಗೆ 1,15,000.

ಈಗ ಜನವರಿಯಿಂದ ಕೂಡಿಸಿ ನೋಡಿ. ಸವಕಳಿಗೆ ನಗದು ಹೋಗುವುದಿಲ್ಲ, ಹಾಗಾಗಿ ತಿಂಗಳಿಗೆ ಹೊರಹೋಗುವುದು 1,94,000. ಜನವರಿ, ಫೆಬ್ರವರಿಯಲ್ಲಿ ಒಳಬರುವುದು ಏನೂ ಇಲ್ಲ, ಆದ್ದರಿಂದ ಫೆಬ್ರವರಿ ಕೊನೆಗೆ 3,88,000 ಕೊರತೆ. ಮಾರ್ಚ್‌ನಿಂದ 1,60,000 ಬರತೊಡಗಿದರೂ ತಿಂಗಳಿಗೆ ಇನ್ನೂ 34,000 ಕಡಿಮೆ ಬೀಳುತ್ತದೆ, ಮೇ ಕೊನೆಗೆ ಕೊರತೆ 4,90,000 ಆಗುತ್ತದೆ. ಅದೇ ದಿನ ಲಾಭ-ನಷ್ಟ ಪಟ್ಟಿ 1,25,000 ಲಾಭ ತೋರಿಸುತ್ತದೆ. ನಡುವಿನ ಅಂತರ 6,15,000 ಎಲ್ಲಿದೆ? ಉಗ್ರಾಣದ ಹಾಳೆಯಲ್ಲಿ 3,35,000, ಕೊಳ್ಳುವವರ ಬಾಕಿಯಲ್ಲಿ 3,20,000. ಎರಡೂ ಕೂಡಿದ ಮೊತ್ತದಿಂದ ಐದು ತಿಂಗಳ ಸವಕಳಿ 40,000 ಕಳೆಯಿರಿ, ಲೆಕ್ಕ ಕೂಡುತ್ತದೆ. ನಿಮ್ಮ ಎರಡು ಪಟ್ಟಿಗಳ ಅಂತರವನ್ನು ಹೀಗೆ ಹೆಸರಿಟ್ಟು ಹೇಳಲಾಗದಿದ್ದರೆ ಎರಡರಲ್ಲಿ ಒಂದು ತಪ್ಪಾಗಿದೆ ಎಂದೇ ತಿಳಿಯಿರಿ.

ನನ್ನ ತಪ್ಪು ಪಟ್ಟಿಯಲ್ಲಿ ಅತಿ ದೊಡ್ಡ ಕೊರತೆ 2,54,000 ಮಾತ್ರ ಇತ್ತು. ಹಾಗಾಗಿ ಬ್ಯಾಂಕಿನಿಂದ 2,50,000 ಕೇಳಿ ಪಡೆದೆ, ಕೈಯಲ್ಲಿ 1,50,000 ಇತ್ತು. ಮಾರ್ಚ್ ಮುಗಿಯುವ ಮೊದಲೇ ಎರಡೂ ಬರಿದಾದವು. ಮಳೆ ಹಿಡಿಯುವಷ್ಟರಲ್ಲಿ 90,000 ರೂಪಾಯಿಯ ಹಾಳೆ ಕೊಳ್ಳಲಾಗದೆ ಉಳಿಯಿತು, ಅಂದರೆ ಸುಮಾರು ಎರಡು ತಿಂಗಳ ಹಾಳೆ. ನವೆಂಬರ್, ಡಿಸೆಂಬರ್‌ನಲ್ಲಿ ಮದುವೆ-ಉತ್ಸವಗಳ ಬೇಡಿಕೆ ಬಂದಾಗ ಯಂತ್ರ ಸುಮ್ಮನೆ ನಿಂತಿತ್ತು, ಬಡ್ಡಿ ಮತ್ತು ಸಾಲದ ಕಂತು ನಿಂತಿರಲಿಲ್ಲ. ಆ ಕಂತಿನ ಅಸಲು ಕೂಡ ಲಾಭ-ನಷ್ಟ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ, ಅಲ್ಲಿ ಕಾಣುವುದು ಬಡ್ಡಿ ಮಾತ್ರ.

ಹೊಸಬರು ಗೊಂದಲಗೊಳ್ಳುವುದು ಲೆಕ್ಕ ಬಾರದ್ದರಿಂದ ಅಲ್ಲ ಎಂದು ನನ್ನ ಅಭಿಪ್ರಾಯ. ನಮ್ಮಂತಹ ಕೃಷಿಕರ ಮನೆಗಳಲ್ಲಿ ಲೆಕ್ಕವೆಂದರೆ ಕೈಗೆ ಬಂದದ್ದು ಮತ್ತು ಕೈಯಿಂದ ಹೋದದ್ದು, ಉಳಿದದ್ದೇ ಲಾಭ. ಆ ಅಭ್ಯಾಸದಿಂದ ಬಂದವರು ವರದಿಯಲ್ಲಿ 25,000 ಲಾಭ ಎಂದು ಓದಿದ ಕೂಡಲೇ ಅಷ್ಟು ಹಣ ಕೈಯಲ್ಲಿರುತ್ತದೆ ಎಂದುಕೊಳ್ಳುತ್ತಾರೆ.

ಬ್ಯಾಂಕಿನವರು ಯಾವುದನ್ನು ನೋಡುತ್ತಾರೆ ಎಂದು ಕೇಳಿದ್ದೀರಿ. ಆ ಪ್ರಶ್ನೆಯನ್ನೇ ಬಿಡಿ ಎನ್ನುತ್ತೇನೆ. ಸಣ್ಣ ಉದ್ಯಮಗಳ ದುಡಿಯುವ ಬಂಡವಾಳಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ನಿರೀಕ್ಷಿತ ವಾರ್ಷಿಕ ವಹಿವಾಟಿನ ಶೇಕಡಾ 20ರ ಲೆಕ್ಕ ಹಿಡಿಯುತ್ತವೆ. 19,20,000 ವಹಿವಾಟಿಗೆ ಅದು 3,84,000 ಆಗುತ್ತದೆ. ಆ ಸೂತ್ರಕ್ಕೆ ನಿಮ್ಮ ಮಳೆಗಾಲ ಗೊತ್ತಿಲ್ಲ. ತಿಂಗಳುವಾರು ಪಟ್ಟಿಯನ್ನು ನೀವೇ ಕೈಯಾರೆ ಬರೆಯಿರಿ, ಪ್ರತಿ ಸಾಲಿನಲ್ಲೂ ಹಣ ನಿಜವಾಗಿ ಕೈಬಿಡುವ ತಿಂಗಳನ್ನೇ ಹಾಕಿ, ಕೂಡಿಸುತ್ತ ಹೋಗಿ ಅತಿ ದೊಡ್ಡ ಕೊರತೆಯ ತಿಂಗಳನ್ನು ಹುಡುಕಿ. ಅದು ಬ್ಯಾಂಕಿನ ಮಿತಿಯನ್ನು ಮೀರಿದರೆ ಲಾಭ ಹೆಚ್ಚಿಸಲು ಹೋಗಬೇಡಿ, ಬಾಕಿಯ ಅವಧಿ ಕಡಿಮೆ ಮಾಡಿಸಿ. ಕೊಳ್ಳುವವರು ಎರಡು ತಿಂಗಳ ಬದಲು ಒಂದೇ ತಿಂಗಳಿಗೆ ಹಣ ಕೊಡಲು ಒಪ್ಪಿದರೆ ಮೇ ಕೊನೆಯ ಕೊರತೆ 4,90,000ದಿಂದ 3,30,000ಕ್ಕೆ ಇಳಿಯುತ್ತದೆ, ಅದು ಬ್ಯಾಂಕಿನ ಮಿತಿಯೊಳಗೆ ನಿಲ್ಲುತ್ತದೆ. ಅದಕ್ಕಾಗಿ ತಟ್ಟೆಗೆ ಹತ್ತು ಪೈಸೆ ಬಿಟ್ಟುಕೊಡಬೇಕಾಗಿ ಬಂದರೂ ನಾನು ಬಿಟ್ಟುಕೊಡುತ್ತೇನೆ; ಲಾಭ ತಿಂಗಳಿಗೆ 4,000 ಇಳಿಯುತ್ತದೆ, ಆದರೆ ಉಗ್ರಾಣದಲ್ಲಿ ಡಿಸೆಂಬರ್‌ವರೆಗೂ ಹಾಳೆ ಇರುತ್ತದೆ.